ಎರಡು ಸರಿ ಉತ್ತರಗಳ ಪ್ರಶ್ನೆ: ಮಾಸ್ತರರಿಗೆ ಪತ್ರ ಬರೆಯುವುದು ಹೇಗೆ?

*ಸಂಪಾದಕರೇ, ನಮಸ್ಕಾರ. ನಮ್ಮ ಸಮಾಜ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಇತ್ತು: "ಇವುಗಳಲ್ಲಿ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರುವ ನದಿ ಯಾವುದು? ಅ) ವರದಾ ಆ) ಅಘನಾಶಿನಿ ಇ) ಬೇಡ್ತಿ ಈ) ಮಲಪ್ರಭಾ." ನಾನು ಬೇಡ್ತಿ ಎಂದು ಬರೆದೆ, ತಪ್ಪು ಎಂದು ಗೆರೆ ಬಿತ್ತು. ಸರ್ ಅವರಿಗೆ ಪತ್ರ ಬರೆಯಬೇಕೆಂದಿದ್ದೇನೆ. ಎದುರು ಮಾತಾಡಿದಂತೆ ಆಗಬಾರದು. ಹೇಗೆ ಬರೆಯಲಿ?*
*— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ, ಶಿರಸಿ*

ತಂಗಿ, ನಿನ್ನ ಅನುಮಾನ ಸರಿಯಾಗಿದೆ. ವರದಾ ಬನವಾಸಿಯನ್ನು ಬಳಸಿ ಪೂರ್ವಕ್ಕೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ, ಮಲಪ್ರಭಾ ಕೃಷ್ಣೆಯನ್ನು ಸೇರುತ್ತದೆ. ಉಳಿದ ಎರಡೂ ಘಟ್ಟ ಇಳಿದು ಕಡಲಿಗೇ ಹೋಗುತ್ತವೆ. ಹಾಗೆಂದು "ಕೀ ಉತ್ತರ ತಪ್ಪಾಗಿದೆ" ಎಂದು ಬರೆದುಬಿಡಬೇಡ. ಅಘನಾಶಿನಿ ಎಂಬ ಉತ್ತರವೂ ಸರಿಯೇ. ತಪ್ಪಾದ ಉತ್ತರ ಬೇರೆ, ಒಂದೇ ಇರಬೇಕಾದ ಕಡೆ ಎರಡು ಸರಿ ಉತ್ತರ ಇರುವುದು ಬೇರೆ. ಮೊದಲನೆಯದನ್ನು ಹೇಳಿದರೆ ಮಾಸ್ತರರು ತಮ್ಮ ಉತ್ತರವನ್ನು ಸಮರ್ಥಿಸಲು ಕುಳಿತುಕೊಳ್ಳುತ್ತಾರೆ, ಅದರಲ್ಲಿ ಗೆಲ್ಲುತ್ತಾರೆ ಕೂಡ.

ಪತ್ರಕ್ಕೆ ಮೊದಲು ನಿನ್ನ ವಾದದ ದುರ್ಬಲ ಜಾಗವನ್ನು ನೀನೇ ಹುಡುಕಿಕೊಳ್ಳಬೇಕು. ಇಲ್ಲಿ ಅದು ಹೆಸರು. ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕುವಾಗ ಬೇಡ್ತಿ ಎನಿಸಿಕೊಂಡ ಹೊಳೆಯೇ ಅಂಕೋಲಾ ಕಡೆ ಗಂಗಾವಳಿಯಾಗಿ ಸಮುದ್ರ ಸೇರುತ್ತದೆ. "ಸಮುದ್ರ ಸೇರುವುದು ಗಂಗಾವಳಿ, ಬೇಡ್ತಿಯಲ್ಲ" ಎಂದು ಮಾಸ್ತರರು ಹೇಳಬಹುದು. ನದಿ ಒಂದೇ ಆದ್ದರಿಂದ ಆ ಮಾತು ಹೆಚ್ಚು ದೂರ ಹೋಗಲಾರದು. ಆದರೂ ಅವರು ಹೇಳುವ ಮೊದಲು ನೀನೇ ಹೇಳಿಬಿಡು.

ಇನ್ನೊಂದನ್ನೂ ಯೋಚಿಸು: ಅವರ ಮನಸ್ಸಿನಲ್ಲಿ ಏನಿತ್ತು? ಅಘನಾಶಿನಿ ನಿಮ್ಮ ಶಿರಸಿಯಲ್ಲೇ ಹುಟ್ಟಿ, ಕುಮಟಾ ತಾಲೂಕಿನಲ್ಲಿ ಕಡಲಿಗೆ ಸೇರುತ್ತದೆ, ಜಿಲ್ಲೆಯ ಗಡಿ ದಾಟುವುದೇ ಇಲ್ಲ. ಬೇಡ್ತಿಯ ಮೂಲ ಧಾರವಾಡದ ಕಡೆ ಇದೆ. "ಉತ್ತರ ಕನ್ನಡದಲ್ಲೇ ಹುಟ್ಟಿ" ಎಂಬ ಮಾತು ಪ್ರಶ್ನೆಯಲ್ಲಿ ಇರಬೇಕಾಗಿತ್ತು, ಬರೆಯುವಾಗ ಬಿಟ್ಟುಹೋಗಿದೆ ಎಂದು ನನ್ನ ಊಹೆ. ಆ ಮಾತು ಸೇರಿಸಿದರೆ ಈ ನಾಲ್ಕರಲ್ಲಿ ಒಂದೇ ಉತ್ತರ ಉಳಿಯುತ್ತದೆ. (ಆಯ್ಕೆಗಳಲ್ಲಿ ಕಾಳಿ ಇದ್ದಿದ್ದರೆ ಉಳಿಯುತ್ತಿರಲಿಲ್ಲ. ಅದು ಜೋಯಿಡಾದಲ್ಲಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವ ನದಿ.)

ಪತ್ರ ಹೀಗಿರಲಿ:

"ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಕಿರುಪರೀಕ್ಷೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ನದಿಯ ಪ್ರಶ್ನೆಯ ಬಗ್ಗೆ ಒಂದು ಸಂದೇಹವಿದೆ. ಆಯ್ಕೆಗಳು ವರದಾ, ಅಘನಾಶಿನಿ, ಬೇಡ್ತಿ, ಮಲಪ್ರಭಾ ಎಂದಿದ್ದವು. ಅಘನಾಶಿನಿ ಸರಿ ಉತ್ತರ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಬೇಡ್ತಿಯೂ ಗಂಗಾವಳಿ ಎಂಬ ಹೆಸರಿನಲ್ಲಿ ಅದೇ ಸಮುದ್ರವನ್ನು ಸೇರುವುದರಿಂದ ಅದೂ ಸರಿಯಾಗಬಹುದೇ ಎಂದು ಕೇಳುತ್ತಿದ್ದೇನೆ. ಜಿಲ್ಲೆಯಲ್ಲೇ ಹುಟ್ಟುವ ನದಿ ಎಂಬುದು ತಮ್ಮ ಉದ್ದೇಶವಾಗಿದ್ದರೆ ಅಘನಾಶಿನಿ ಒಂದೇ ಉತ್ತರ ಎಂಬುದು ತಿಳಿಯುತ್ತದೆ. ನಾನು ಬೇಡ್ತಿ ಎಂದು ಬರೆದಿದ್ದೆ. ನಕ್ಷೆಯ ಪುಟವನ್ನು ಜೊತೆಗೆ ತಂದಿದ್ದೇನೆ. ತಾವು ಬಿಡುವಾದಾಗ ನೋಡಬೇಕೆಂದು ಕೋರುತ್ತೇನೆ.

ತಮ್ಮ ವಿದ್ಯಾರ್ಥಿನಿ"

ನೀನು ಬೇಡ್ತಿ ಎಂದು ಬರೆದಿದ್ದನ್ನು ಮುಚ್ಚಿಡಬೇಡ. ಮುಚ್ಚಿಟ್ಟರೆ ಪತ್ರಿಕೆ ತೆಗೆದು ನೋಡಿದ ಕೂಡಲೇ ಗೊತ್ತಾಗುತ್ತದೆ, ಪತ್ರದ ಉಳಿದ ಮಾತಿಗೂ ಬೇರೆ ಅರ್ಥ ಬರುತ್ತದೆ. ಆದರೆ "ನನಗೆ ಒಂದು ಅಂಕ ಕೊಡಿ" ಎಂಬ ಸಾಲನ್ನೂ ಸೇರಿಸಬೇಡ. ಪ್ರಶ್ನೆಯನ್ನೂ ನಾಲ್ಕೂ ಆಯ್ಕೆಗಳನ್ನೂ ಪತ್ರದಲ್ಲೇ ಬರೆಯಲು ಹೇಳಿದ್ದಕ್ಕೆ ಕಾರಣವಿದೆ. ಹಲವು ತರಗತಿಗಳ ಪತ್ರಿಕೆ ನೋಡುವವರಿಗೆ ಯಾವ ಪ್ರಶ್ನೆ ಎಂಬುದು ನೆನಪಿರುವುದಿಲ್ಲ. ಗೆಳತಿಯರ ಸಹಿ ಮಾತ್ರ ಹಾಕಿಸಬೇಡ. ಹತ್ತು ಸಹಿ ಬಿದ್ದ ಕೂಡಲೇ ಸಂದೇಹ ಹೋಗಿ ಮನವಿ ಪತ್ರವಾಗುತ್ತದೆ, ಮನವಿ ಪತ್ರ ನೇರವಾಗಿ ಹೆಡ್‌ಮಾಸ್ತರರ ಮೇಜಿಗೆ ಹೋಗುತ್ತದೆ.

ಸರಿಪಡಿಸುವುದು ಹೇಗೆ ಎಂದು ಅವರೇ ನಿನ್ನನ್ನು ಕೇಳಿದರೆ, ಎರಡೂ ಉತ್ತರಗಳಿಗೆ ಅಂಕ ಕೊಡುವುದೇ ಉತ್ತಮ ಎನ್ನು. ಎಲ್ಲರಿಗೂ ಕೃಪಾಂಕ ಕೊಟ್ಟರೆ ವರದಾ ಎಂದು ಬರೆದವರಿಗೂ ಸಿಗುತ್ತದೆ. ಪ್ರಶ್ನೆಯನ್ನೇ ಕೈಬಿಟ್ಟರೆ ಅಘನಾಶಿನಿ ಎಂದು ಸರಿಯಾಗಿ ಬರೆದವರು ಕಳೆದುಕೊಳ್ಳುತ್ತಾರೆ. ಕೇಳದಿದ್ದರೆ ಇದನ್ನು ಹೇಳುವುದು ಬೇಡ, ಅದು ಅವರ ಕೆಲಸ.

ಪತ್ರವನ್ನು ತರಗತಿಯ ನಡುವೆ ಕೊಡದೆ ಸ್ಟಾಫ್ ರೂಮಿಗೆ ಹೋಗಿ ಕೊಡು. ಅಂಕಗಳು ಅಂಕವಹಿಗೆ ಏರುವ ಮೊದಲೇ ಕೊಡು, ಏರಿದ ಮೇಲೆ ತಿದ್ದುವುದು ಮಾಸ್ತರರಿಗೂ ತಲೆನೋವು.