ಬೆಚ್ಚಗಾದ ಮೇಲೆ ಸತ್ತ ಕುರಿಮರಿ

ಪ್ರಶ್ನೆ: ನಮ್ಮದು ಶಿರಾ ಹತ್ತಿರದ ಹಳ್ಳಿ. ಸಂಜೆ ಹುಟ್ಟಿದ ಕುರಿಮರಿ ರಾತ್ರಿ ಮಳೆಗೆ ನೆಂದು ಬೆಳಗ್ಗೆ ತಣ್ಣಗೆ ಬಿದ್ದಿತ್ತು. ಬೆಂಕಿ ಕಾಯಿಸಿದೆವು, ಮೈ ಬಿಸಿಯಾಯಿತು, ಆಮೇಲೆ ಸೆಟೆದುಕೊಂಡು ಸತ್ತಿತು. ಮರಿಯ ಮೈಯಲ್ಲಿ ಶಾಖ ಹುಟ್ಟಿಸುವ ಕಂದು ಕೊಬ್ಬು ಇರುತ್ತದೆ ಎಂದು ಮಗಳು ಹೇಳುತ್ತಾಳೆ. ಇದ್ದರೆ ಅದೇಕೆ ಕಾಪಾಡಲಿಲ್ಲ?

ಕಾಪಾಡಿತು, ಬೆಳಗಿನವರೆಗೆ. ರಾತ್ರಿಯಿಡೀ ಉರಿದು ಅದು ಮುಗಿದುಹೋಗಿತ್ತು. ಪಾವಗಡದ ಸುತ್ತಿನ ರೊಪ್ಪಗಳಿಗೆ ಹೋಗಿಬರುವ ಪಶುವೈದ್ಯ ನಾನು. ನೀವು ಹೇಳಿದಂಥ ಸಾವನ್ನು ಬಹಳ ಸಲ ಕಂಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಸಂಕಟವಾಗುತ್ತದೆ, ಏಕೆಂದರೆ ಇದು ತಪ್ಪಿಸಬಹುದಾದ ಸಾವು.

ಹುಟ್ಟಿದ ಕುರಿಮರಿಯ ತೂಕದಲ್ಲಿ ಈ ಕೊಬ್ಬು ಹೆಚ್ಚೆಂದರೆ ಶೇಕಡಾ 2ರಷ್ಟು. ಅದರಲ್ಲಿ ಬಹುಪಾಲು ಮೂತ್ರಪಿಂಡಗಳ ಸುತ್ತ ಇರುತ್ತದೆ. ಚಳಿ ತಾಗಿದಾಗ ಮರಿ ನಡುಗಿ ಸ್ವಲ್ಪ ಶಾಖ ಪಡೆಯುತ್ತದೆ, ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ನಡುಗದೆ ಈ ಕೊಬ್ಬಿನಿಂದ ಪಡೆಯುತ್ತದೆ. ಅದು ಹೇಗೆಂದು ನಿಮ್ಮ ಮಗಳಿಗೂ ತಿಳಿಯಲಿ ಎಂದು ವಿವರವಾಗಿ ಬರೆಯುತ್ತೇನೆ.

ಜೀವಕೋಶದೊಳಗಿನ ಮೈಟೊಕಾಂಡ್ರಿಯವು ಕೊಬ್ಬನ್ನು ಉರಿಸಿ, ಆ ಬಲದಿಂದ ಪ್ರೋಟಾನ್‌ಗಳನ್ನು ತನ್ನ ಒಳಪೊರೆಯ ಆಚೆಗೆ ತಳ್ಳುತ್ತದೆ. ಏರಿಯ ಹಿಂದೆ ಕೆರೆ ನೀರು ನಿಂತಂತೆ ಅವು ಅಲ್ಲಿ ಒತ್ತಿ ನಿಲ್ಲುತ್ತವೆ. ಬೇರೆ ಕೋಶಗಳಲ್ಲಿ ಅವು ಹಿಂತಿರುಗಲು ಇರುವ ಮುಖ್ಯ ದಾರಿ, ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ತಯಾರಿಸುವ ಯಂತ್ರದ ಮೂಲಕ. ಎಟಿಪಿ ಖರ್ಚಾಗದಿದ್ದರೆ ಯಂತ್ರ ನಿಧಾನವಾಗುತ್ತದೆ, ಪ್ರೋಟಾನ್‌ಗಳ ಒತ್ತಡ ಏರುತ್ತದೆ, ಕೊನೆಗೆ ಕೊಬ್ಬು ಉರಿಯುವ ಕೆಲಸವೇ ಕುಂಟುತ್ತದೆ. ಒಳ್ಳೆಯ ಕಡಿವಾಣ ಅದು. ಇಲ್ಲದಿದ್ದರೆ ಸುಮ್ಮನೆ ಮಲಗಿದಾಗಲೂ ಮೈಯ ಕೊಬ್ಬು ಕರಗುತ್ತಿತ್ತು.

ಕಂದು ಕೊಬ್ಬಿನ ಮೈಟೊಕಾಂಡ್ರಿಯದ ಏರಿಗೆ ಇನ್ನೊಂದು ತೂಬು ಇದೆ. ಅದರ ಹೆಸರು ಯುಸಿಪಿ1, ಉರಿಯುವುದಕ್ಕೂ ಎಟಿಪಿಗೂ ಇರುವ ಕೊಂಡಿಯನ್ನು ಕಳಚುವ ಪ್ರೋಟೀನ್. ಸಾಮಾನ್ಯವಾಗಿ ಎಟಿಪಿಯಂಥ ಅಣುಗಳೇ ಅಂಟಿಕೊಂಡು ಅದನ್ನು ಮುಚ್ಚಿರುತ್ತವೆ. ಚಳಿಯಾದಾಗ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ಸಂದೇಶ ಒಯ್ಯುವ ರಾಸಾಯನಿಕ ಸುರಿಯುತ್ತದೆ, ಕೋಶದ ಕೊಬ್ಬಿನ ಹನಿಗಳು ಒಡೆದು ಕೊಬ್ಬಿನಾಮ್ಲ ಹೊರಬರುತ್ತದೆ. ಆ ಆಮ್ಲವೇ ತೂಬನ್ನು ತೆರೆಯುವ ಕೀಲಿ, ಉರಿಯುವ ಸೌದೆಯೂ ಅದೇ. ಪ್ರೋಟಾನ್‌ಗಳು ಎಟಿಪಿ ಯಂತ್ರವನ್ನು ಮುಟ್ಟದೆ ಒಳಗೆ ನುಗ್ಗುತ್ತವೆ, ಅವುಗಳಲ್ಲಿ ಅಡಗಿದ್ದ ಶಕ್ತಿ ಶಾಖವಾಗುತ್ತದೆ. ಆದರೆ ಸೋರಿಕೆಗಿಂತ ಮುಖ್ಯವಾದದ್ದು ಕಡಿವಾಣ ಕಳಚಿದ್ದು. ಒತ್ತಡ ಇಳಿದುದರಿಂದ ಕೊಬ್ಬು ಎಡೆಬಿಡದೆ ಉರಿಯುತ್ತದೆ.

ಹೀಗೆ ಉರಿಯಲು ಆಮ್ಲಜನಕವೂ ಬೇಕು, ಸೌದೆಯೂ ಬೇಕು. ಹೆರಿಗೆ ಕಷ್ಟವಾಗಿ ಉಸಿರು ಕಟ್ಟಿದ್ದ ಮರಿಯಲ್ಲಿ ಕೊಬ್ಬು ಇದ್ದೂ ಉರಿಯುವುದಿಲ್ಲ. ಗಿಣ್ಣು ಹಾಲು ಸಿಗದ ಮರಿಯಲ್ಲಿ ಚೆನ್ನಾಗಿ ಉರಿದು ಖಾಲಿಯಾಗುತ್ತದೆ. ಸತ್ತ ಮರಿಯನ್ನು ಕೊಯ್ದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬಳಸದ ಕೊಬ್ಬು ಮೂತ್ರಪಿಂಡದ ಸುತ್ತ ತಿಳಿಬಣ್ಣದಲ್ಲಿ ತುಂಬಿಕೊಂಡು ಗಟ್ಟಿಯಾಗಿರುತ್ತದೆ. ಬಳಸಿ ಮುಗಿದದ್ದು ಕಡುಗೆಂಪಾಗಿ, ಲೋಳೆಯಂತೆ ಬೆರಳಿಗೆ ಜಾರುತ್ತದೆ.

ಒಂದೇ ರೊಪ್ಪದಲ್ಲಿ ಒಮ್ಮೆ ಎರಡು ಮರಿಗಳನ್ನು ನೋಡಿದೆ. ಎರಡರ ಗುದದ ಉಷ್ಣತೆಯೂ 36 ಡಿಗ್ರಿ ಸೆಲ್ಸಿಯಸ್. ಇರಬೇಕಾದದ್ದು 39ರಿಂದ 40. ಒಂದು ಹುಟ್ಟಿ ಒಂದು ಗಂಟೆಯಾಗಿತ್ತು, ಇನ್ನೂ ಒದ್ದೆ. ಅದರ ಕೊಬ್ಬಿನ್ನೂ ಉಳಿದಿತ್ತು. ಹಾಗಾಗಿ ಒರೆಸಿ, ಕಂಬಳಿ ಸುತ್ತಿ, ಬೆಚ್ಚಗೆ ಮಾಡಿದರೆ ಸಾಕಾಯಿತು. ತಲೆ ಎತ್ತಿದ ಮೇಲೆ ಗಿಣ್ಣು ಹಾಲು ಕುಡಿಸಿದೆವು. ಇನ್ನೊಂದು ಹಿಂದಿನ ರಾತ್ರಿಯದು, ಹಾಲು ಕುಡಿದಿರಲಿಲ್ಲ, ತಲೆ ಎತ್ತಲಾರದೆ ಬಿದ್ದಿತ್ತು. ಅದರ ಕೊಬ್ಬೂ ಮುಗಿದಿತ್ತು, ರಕ್ತದ ಸಕ್ಕರೆಯೂ ಮುಗಿದಿತ್ತು. ಇಂಥ ಮರಿಯನ್ನು ನೇರವಾಗಿ ಕಾಯಿಸಿದರೆ ಮಿದುಳು ಎಚ್ಚೆತ್ತು ಸಕ್ಕರೆ ಕೇಳುತ್ತದೆ, ಕೊಡಲು ಏನೂ ಇರುವುದಿಲ್ಲ. ಸೆಳೆತ ಬರುವುದು ಆಗಲೇ. ನಿಮ್ಮ ಮರಿ ಸೆಟೆದುಕೊಂಡದ್ದೂ ಬಹುಶಃ ಹೀಗೆಯೇ. ಆದ್ದರಿಂದ ಮೊದಲು ಶೇಕಡಾ 20ರ ಗ್ಲೂಕೋಸ್ ದ್ರಾವಣವನ್ನು ಮೈಬಿಸಿಗೆ ತಂದು, ಕಿಲೋ ತೂಕಕ್ಕೆ 10 ಮಿಲಿಲೀಟರಿನಂತೆ ಹೊಟ್ಟೆಯ ಕುಹರಕ್ಕೆ ಚುಚ್ಚಿದೆ. ಮೂರು ಕಿಲೋ ಮರಿಗೆ 30 ಮಿಲಿಲೀಟರ್. ಆಮೇಲಷ್ಟೇ ಶಾಖ. ಮಧ್ಯಾಹ್ನಕ್ಕೆ ಅದೂ ಎದ್ದು ನಿಂತು ಕೆಚ್ಚಲು ಹುಡುಕಿತು.

ಈ ಸೂಜಿಯನ್ನು ಪಶುವೈದ್ಯರೇ ಹಾಕಬೇಕು, ಜಾಗ ತಪ್ಪಿದರೆ ಕರುಳಿಗೆ ತಾಗುತ್ತದೆ. ತಲೆ ಎತ್ತದ ಮರಿಯ ಬಾಯಿಗೆ ಹಾಲನ್ನೂ ಬೆಲ್ಲದ ನೀರನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಮ್ಮ ಕೈಯಲ್ಲಿರುವುದು ಒಂದು ಥರ್ಮಾಮೀಟರ್, ಮತ್ತು ಮರಿ ಹುಟ್ಟಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ. 37ಕ್ಕಿಂತ ಕಡಿಮೆಯಿದ್ದು ಐದು ಗಂಟೆ ದಾಟಿದ್ದರೆ ಬೆಂಕಿ ಹಚ್ಚುವ ಮುನ್ನ ವೈದ್ಯರಿಗೆ ಫೋನ್ ಮಾಡಿ.

ನಿಮ್ಮ ಮಗಳಿಗೆ ಇನ್ನೊಂದು ವಿಷಯ ಹೇಳಿ. ಹಂದಿಗಳ ವಂಶದಲ್ಲಿ ಯುಸಿಪಿ1 ಜೀನ್ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಹಂದಿಮರಿಗಳು ಹುಟ್ಟಿದ ಕೂಡಲೇ ಒಂದರ ಮೇಲೊಂದು ಬಿದ್ದು ನಡುಗುವುದನ್ನು ಅವಳು ನೋಡಿರಬಹುದು. ಅವುಗಳಿಗೆ ಆ ತೂಬೇ ಇಲ್ಲ.