ಹಗಲಲ್ಲಿ ಕಿಟಕಿ ಟಿವಿ ಪರದೆಯಲ್ಲಿ ಕಾಣದಂತೆ ಟಿವಿ, ಸೋಫಾ ಹೇಗಿಡಬೇಕು?

ಪ್ರಶ್ನೆ: ನಮ್ಮ ಸೋಫಾದ ಹಿಂದೆಯೇ ಕಿಟಕಿ. ಹಗಲಲ್ಲಿ ಟಿವಿಯಲ್ಲಿ ಚಿತ್ರಕ್ಕಿಂತ ಕಿಟಕಿಯೇ ಚೆನ್ನಾಗಿ ಕಾಣುತ್ತೆ. ಏನು ಮಾಡಲಿ?

ಉತ್ತರ: ಸಾಧ್ಯವಾದರೆ ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಬರುವಂತೆ ಟಿವಿಯನ್ನು ಪಕ್ಕದ ಗೋಡೆಗೆ ಹಾಕಿ, ಸೋಫಾವನ್ನೂ ತಿರುಗಿಸಿ. ಕಿಟಕಿ ಇರುವ ಗೋಡೆಗೇ ಟಿವಿ ಹಾಕಬೇಡಿ. ಪ್ರತಿಬಿಂಬವೇನೋ ಹೋಗುತ್ತದೆ, ಆದರೆ ಕಣ್ಣು ಹಿಂದಿನ ಬೆಳಕಿಗೆ ಹೊಂದಿಕೊಂಡು ಚಿತ್ರ ಮಂಕಾಗಿ ಕಾಣುತ್ತದೆ.

ಗೋಡೆ ಬದಲಿಸಲಾಗದಿದ್ದರೆ ಟಿವಿಯನ್ನೇ ಓರೆಯಾಗಿಸಿ. ಪರದೆ ಕನ್ನಡಿಯಂತೆ ವರ್ತಿಸುತ್ತದೆ: ಅದನ್ನು 15 ಡಿಗ್ರಿ ತಿರುಗಿಸಿದರೆ ಅದರಲ್ಲಿ ಕಾಣುವ ಜಾಗ 30 ಡಿಗ್ರಿ ಸರಿಯುತ್ತದೆ. ಟಿವಿಯಿಂದ ಎದುರು ಗೋಡೆ 4 ಮೀಟರ್ ದೂರವಿದ್ದರೆ ಅದು ಸುಮಾರು 2.3 ಮೀಟರ್. ನಟ್ಟನಡುವೆ ಇರುವ 1.2 ಮೀಟರ್ ಅಗಲದ ಕಿಟಕಿ ಸಾಮಾನ್ಯವಾಗಿ ಇಷ್ಟಕ್ಕೇ ಪರದೆಯಿಂದ ಆಚೆ ಹೋಗುತ್ತದೆ. ಇದಕ್ಕೆ ತೋಳಿರುವ ಗೋಡೆ ಸ್ಟ್ಯಾಂಡ್ ಬೇಕು. ಗೋಡೆಗೆ ಅಂಟಿಕೊಂಡಿರುವ ಸ್ಟ್ಯಾಂಡ್ ಪಕ್ಕಕ್ಕೆ ತಿರುಗುವುದಿಲ್ಲ. ತಿರುಗಿಸಿದ ದಿಕ್ಕಿನಲ್ಲಿ ಇನ್ನೊಂದು ಕಿಟಕಿಯೋ ಬಿಳಿ ಗೋಡೆಯೋ ಇದ್ದರೆ ಅದು ಪರದೆಗೆ ಬಂದು ಕೂರುತ್ತದೆ, ಕಡು ಬಣ್ಣದ ಗೋಡೆಯತ್ತ ತಿರುಗಿಸುವುದೇ ಮೇಲು.

ಗೋಡೆಗೆ ತೂತು ಕೊರೆಯುವ ಮೊದಲು ಟಿವಿ ಆಫ್ ಮಾಡಿ, ಬೆಳಕು ಜೋರಾಗಿರುವ ಹೊತ್ತಿನಲ್ಲಿ ನೀವು ಕೂರುವ ಜಾಗದಲ್ಲೇ ಕೂತು ಕಪ್ಪು ಪರದೆ ನೋಡಿ. ಒಬ್ಬರು ಟಿವಿಯನ್ನು ನಿಧಾನವಾಗಿ ತಿರುಗಿಸಲಿ. ಕಿಟಕಿಯ ಚೌಕಟ್ಟು ಪರದೆಯಂಚು ದಾಟಿದ ಕೋನವನ್ನು ಗುರುತು ಹಾಕಿಕೊಳ್ಳಿ. ಸೋಫಾದ ಎರಡೂ ತುದಿಯಲ್ಲಿ ಕೂತು ನೋಡಿ, ನಡುವೆ ಮಾಯವಾದ ಕಿಟಕಿ ತುದಿಯಲ್ಲಿ ಕೂತವರಿಗೆ ಕಾಣಬಹುದು.