ಯೀಲ್ಡ್ ಏರಿದಾಗ ಬಾಂಡಿನ ಬೆಲೆ ಇಳಿಯುವುದೇಕೆ? ಶೇ 7ರ ಒಂದು ಸರ್ಕಾರಿ ಬಾಂಡಿನ ಲೆಕ್ಕ

ಪ್ರಶ್ನೆ: ಶೇ 7 ಕೂಪನ್, ಅಂದರೆ ಮುಖಬೆಲೆಯ ಮೇಲೆ ವರ್ಷಕ್ಕೆ ಶೇ 7 ಬಡ್ಡಿ ಇರುವ, ಇನ್ನು ಮೂರು ವರ್ಷ ಅವಧಿಯ ಸರ್ಕಾರಿ ಬಾಂಡನ್ನು ₹100ರಂತೆ ಕೊಂಡೆ. ಕೆಲವೇ ದಿನಗಳಲ್ಲಿ ಯೀಲ್ಡ್, ಅಂದರೆ ಇಂದಿನ ಬೆಲೆಗೆ ಕೊಂಡು ಕೊನೆಯವರೆಗೆ ಇಟ್ಟುಕೊಂಡವನಿಗೆ ದಕ್ಕುವ ವಾರ್ಷಿಕ ಪ್ರತಿಫಲ, ಶೇ 8 ಆಯಿತು, ಬೆಲೆ ₹97.38 ಎಂದು ತೋರಿಸುತ್ತಿದೆ. ಸರ್ಕಾರ ಬಡ್ಡಿ ಕೊಡುವುದನ್ನು ನಿಲ್ಲಿಸಿಲ್ಲವಲ್ಲ, ಮತ್ತೆ ಬೆಲೆ ಏಕೆ ಇಳಿಯಿತು? ಈ 97.38 ಎಲ್ಲಿಂದ ಬಂತು?

ಉತ್ತರ: ನಿಮ್ಮ ಬಾಂಡ್ ಕೊಡಬೇಕಾದ ಹಣ ಅದನ್ನು ಹೊರಡಿಸಿದ ದಿನವೇ ನಿಗದಿಯಾಗಿದೆ. ಭಾರತ ಸರ್ಕಾರದ ಬಾಂಡುಗಳು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುವುದರಿಂದ, ₹100 ಮುಖಬೆಲೆಗೆ ನಿಮಗೆ ಆರು ಬಾರಿ ₹3.50 ಬರುತ್ತದೆ, ಆರನೆಯ ಕಂತಿನ ಜೊತೆಗೆ ಅಸಲು ₹100 ಬರುತ್ತದೆ. ಪೇಟೆಯಲ್ಲಿ ಏನೇ ಆದರೂ ಈ ಮೊತ್ತಗಳು ಬದಲಾಗುವುದಿಲ್ಲ. ಅಷ್ಟೇ ಅವಧಿಯ ಬೇರೆ ಸರ್ಕಾರಿ ಬಾಂಡುಗಳಲ್ಲಿ ಈಗ ಶೇ 8 ಸಿಗುತ್ತಿರುವಾಗ, ಶೇ 7 ಕೊಡುವ ನಿಮ್ಮ ಬಾಂಡಿಗೆ ಯಾರೂ ಪೂರ್ತಿ ₹100 ಕೊಡಲಾರರು. ಕೊಳ್ಳುವವನಿಗೂ ಶೇ 8 ದಕ್ಕುವಂತೆ ಮಾಡಲು ಬದಲಾಗಬಲ್ಲ ಸಂಖ್ಯೆ ಒಂದೇ ಉಳಿದಿರುತ್ತದೆ, ಅದು ಬೆಲೆ. ಹಾಗಾಗಿ ಯೀಲ್ಡ್ ಏರಿದ ಪರಿಣಾಮವಾಗಿ ಬೆಲೆ ಇಳಿಯಿತು ಎನ್ನುವುದಕ್ಕಿಂತ, ಎರಡೂ ಒಂದೇ ವಹಿವಾಟನ್ನು ಹೇಳುವ ಎರಡು ಬಗೆ ಎನ್ನುವುದು ನನ್ನ ಮಟ್ಟಿಗೆ ಹೆಚ್ಚು ಸರಿ.

ಈಗ ಲೆಕ್ಕಕ್ಕೆ ಬರೋಣ. ವರ್ಷಕ್ಕೆ ಶೇ 8 ಎಂದರೆ ಇಲ್ಲಿನ ರೂಢಿಯಂತೆ ಅರ್ಧ ವರ್ಷಕ್ಕೆ ಶೇ 4. ಆರು ತಿಂಗಳ ನಂತರ ಬರುವ ₹3.50ರ ಇಂದಿನ ಮೌಲ್ಯ ತಿಳಿಯಲು ಅದನ್ನು 1.04ರಿಂದ ಒಮ್ಮೆ ಭಾಗಿಸಬೇಕು, ಒಂದು ವರ್ಷದ ನಂತರ ಬರುವುದನ್ನು ಎರಡು ಬಾರಿ, ಹೀಗೆಯೇ ಕೊನೆಯ ₹103.50ನ್ನು ಆರು ಬಾರಿ ಭಾಗಿಸಬೇಕು. ಮೊದಲ ಐದು ಕಂತುಗಳ ಮೌಲ್ಯ ಒಟ್ಟು ₹15.58, ಕೊನೆಯದರ ಮೌಲ್ಯ ₹81.80. ಎರಡನ್ನೂ ಕೂಡಿದರೆ ನಿಮ್ಮ ₹97.38 ಸಿಗುತ್ತದೆ. ಇದೇ ಲೆಕ್ಕವನ್ನು ಶೇ 3.5ರಲ್ಲಿ ಮಾಡಿದರೆ ಸರಿಯಾಗಿ ₹100 ಬರುತ್ತದೆ, ಅದರಲ್ಲಿ ಕೊನೆಯ ಕಂತಿನ ಪಾಲು ₹84.20. ಅಂದರೆ ಇಳಿದ ₹2.62ರಲ್ಲಿ ₹2.40 ಬರೀ ಆ ಕೊನೆಯ ಪಾವತಿಯಿಂದಲೇ ಇಳಿದಿದೆ, ಏಕೆಂದರೆ ಹೆಚ್ಚಿದ ದರದಿಂದ ಹೆಚ್ಚು ಬಾರಿ ಭಾಗಿಸಲ್ಪಡುವ ದೊಡ್ಡ ಮೊತ್ತ ಅದೇ. ದೂರದ ಹಣಕ್ಕೆ ಪೆಟ್ಟು ಹೆಚ್ಚು ಎಂಬ ಕಾರಣಕ್ಕೇ, ನಿಮ್ಮ ಬಾಂಡಿಗೆ ಮೂರು ವರ್ಷದ ಬದಲು ಹತ್ತು ವರ್ಷ ಬಾಕಿ ಇದ್ದಿದ್ದರೆ ಇದೇ ಶೇ 8ರಲ್ಲಿ ಬೆಲೆ ₹93.20ಕ್ಕೆ ಕುಸಿಯುತ್ತಿತ್ತು.

ಈ ಲೆಕ್ಕ ಮಾಡುವಾಗ ಹಲವರ ಉತ್ತರ ₹97.78 ಎಂದು ಬರುತ್ತದೆ. ನಲವತ್ತು ಪೈಸೆ ಹೆಚ್ಚು ಬಂದರೆ, ಶೇ 8ನ್ನು ಅರ್ಧ ಮಾಡುವ ಬದಲು 1.08ರ ವರ್ಗಮೂಲ ತೆಗೆದು ಅರ್ಧವಾರ್ಷಿಕ ದರವನ್ನು ಸುಮಾರು ಶೇ 3.92 ಎಂದು ಹಿಡಿದಿದ್ದೀರಿ ಎಂದರ್ಥ. ಗಣಿತವಾಗಿ ಅದು ತಪ್ಪಲ್ಲ, ಆದರೆ ನಮ್ಮ ಸರ್ಕಾರಿ ಬಾಂಡುಗಳ ಯೀಲ್ಡನ್ನು ಹೇಳುವ ಕ್ರಮ ಅದಲ್ಲ.

ಇಂದು ₹97.38ಕ್ಕೆ ಕೊಂಡವನಿಗೆ ಶೇ 8 ಹೇಗೆ ಸಿಗುತ್ತದೆ ಎಂಬುದನ್ನು ಒಂದು ಹೆಜ್ಜೆ ಮುಂದೆ ಹೋಗಿ ನೋಡಬಹುದು. ಅರ್ಧ ವರ್ಷಕ್ಕೆ ಶೇ 4ರಂತೆ ಅವನಿಗೆ ಸುಮಾರು ₹3.90 ಸಲ್ಲಬೇಕು, ಕೈಗೆ ಬರುವುದು ₹3.50. ಉಳಿದ ನಲವತ್ತು ಪೈಸೆಯಷ್ಟು ಬೆಲೆಗೇ ಸೇರಿಕೊಳ್ಳುತ್ತದೆ: ಯೀಲ್ಡ್ ಶೇ 8ರಲ್ಲೇ ನಿಂತಿದ್ದರೆ ಐದು ಕಂತು ಬಾಕಿ ಇರುವಾಗ ಬೆಲೆ ₹97.77 ಆಗಿರುತ್ತದೆ, ಹೀಗೆ ಏರುತ್ತ ಕೊನೆಯ ದಿನ ₹100ಕ್ಕೆ ತಲುಪುತ್ತದೆ. ನೀವು ಮಾರದೆ ಇಟ್ಟುಕೊಂಡರೂ ಬೆಲೆ ಇದೇ ದಾರಿಯಲ್ಲಿ ಸಾಗುವುದರಿಂದ ನಿಮ್ಮ ಅಸಲು ಕರಗುವುದಿಲ್ಲ. ಆದರೆ ನಷ್ಟವೇ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಶೇ 8 ಸಿಗುವ ಕಾಲದಲ್ಲಿ ಮೂರು ವರ್ಷ ಶೇ 7ಕ್ಕೆ ಕಟ್ಟುಬಿದ್ದಿರುವುದೇ ಆ ನಷ್ಟ, ಅದರ ಇಂದಿನ ಮೌಲ್ಯವೇ ₹2.62.

ಪರೀಕ್ಷಿಸಲು ಎಕ್ಸೆಲ್‌ನಲ್ಲಿ ಹೀಗೆ ಬರೆಯಿರಿ. ಕೊನೆಯ 2 ಎಂದರೆ ವರ್ಷಕ್ಕೆ ಎರಡು ಕಂತು, 4 ಎಂದರೆ ತಿಂಗಳಿಗೆ 30, ವರ್ಷಕ್ಕೆ 360 ದಿನದ ಎಣಿಕೆ.

```
=PRICE(DATE(2026,1,15),DATE(2029,1,15),7%,8%,100,2,4)
```

ಎರಡು ಕಂತುಗಳ ನಡುವಿನ ದಿನದಲ್ಲಿ ಕೊಂಡರೆ ಖಾತೆಯಿಂದ ಹೋಗುವ ಹಣ ಈ ಬೆಲೆಗಿಂತ ಹೆಚ್ಚಿರುತ್ತದೆ. ಹಿಂದಿನ ಕಂತಿನ ನಂತರ 60 ದಿನ ಕಳೆದಿದ್ದರೆ, ಮಾರುವವನಿಗೆ ಸೇರಬೇಕಾದ ಆ ದಿನಗಳ ಬಡ್ಡಿ ₹1.17ನ್ನೂ ನೀವು ಬೆಲೆಯ ಜೊತೆಗೆ ಕೊಡುತ್ತೀರಿ. ಮುಂದಿನ ಕಂತು ಪೂರ್ತಿಯಾಗಿ ನಿಮಗೇ ಬರುವುದರಿಂದ ಆ ಹಣ ಮರಳಿ ಬರುತ್ತದೆ.